ಒಂಬತ್ತು ಗಜ ಕೇಳಿದವರಿಗೆ ಆರು ಗಜದ ಸೀರೆ ಹೋಯಿತು: ಕ್ಷಮೆ ಪತ್ರ ಹೇಗೆ ಬರೆಯಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಗದಗ-ಬೆಟಗೇರಿಯವಳು. ನೇಕಾರರ ಹತ್ತಿರ ಇಳಕಲ್ ಸೀರೆ ತಗೊಂಡು ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇನೆ. ಮೈಸೂರಿನ ಒಬ್ಬರು 9 ಗಜದ ಹಸಿರು ಸೀರೆ ಆರ್ಡರ್ ಮಾಡಿದ್ದರು, ಅವರಿಗೆ 6 ಗಜದ್ದು ಹೋಗಿದೆ. "ನಮ್ಮವ್ವ ಹದಿನೆಂಟು ಮೊಳದ ಸೀರೆ ಬಿಟ್ಟು ಬೇರೆ ಉಡೋದಿಲ್ಲ, 24ಕ್ಕೆ ಮೊಮ್ಮಗಳ ಮದುವೆ" ಅಂತ ಬರೆದಿದ್ದಾರೆ. ಪ್ಯಾಕ್ ಮಾಡುವ ಹುಡುಗ ತನ್ನ ತಪ್ಪಿಲ್ಲ ಅನ್ನುತ್ತಾನೆ. ಲಿಸ್ಟಿಂಗ್‌ನಲ್ಲೇ ಏನೋ ಅದಲು ಬದಲಾಗಿರಬೇಕು. ವೆಬ್‌ಸೈಟಿಗೆ ಅಪ್‌ಲೋಡ್ ಮಾಡಿದ ಎಕ್ಸೆಲ್ ಹಾಳೆಯನ್ನೂ ನಾನು ಬರೆದ ಕ್ಷಮೆ ಪತ್ರವನ್ನೂ ಕಳಿಸಿದ್ದೇನೆ. ಪತ್ರ ಸರಿ ಇದೆಯಾ? ಇವತ್ತು 13ನೇ ತಾರೀಖು.

ಉತ್ತರ:

ಪತ್ರವನ್ನು ಇನ್ನೂ ಕಳಿಸಿಲ್ಲ ತಾನೆ? ಒಂದು ಗಂಟೆ ತಡೆಯಿರಿ. ಅದಕ್ಕಿಂತ ಜಾಸ್ತಿ ಬೇಡ, ಯಾಕೆಂದರೆ ಆ ಮನೆಯಲ್ಲಿ ದಿನ ಎಣಿಸುತ್ತಿದ್ದಾರೆ. ಈ ಒಂದು ಗಂಟೆಯಲ್ಲಿ ತಪ್ಪು ಎಲ್ಲಿ ಆಯಿತು ಅನ್ನುವುದನ್ನು ಕಣ್ಣಾರೆ ನೋಡಿ. ಅದು ಗೊತ್ತಾಗದೆ ಬರೆದ ಕ್ಷಮೆ ಪತ್ರದಲ್ಲಿ "ಏನೋ ತಾಂತ್ರಿಕ ತೊಂದರೆ" ಅನ್ನುವ ಮಾತಷ್ಟೇ ಉಳಿಯುತ್ತದೆ. ನೀವು ಕಳಿಸಿದ ಪತ್ರದಲ್ಲಿ ಆಗಿರುವುದೂ ಅದೇ.

ಪ್ಯಾಕಿಂಗ್ ತಪ್ಪೋ ಲಿಸ್ಟಿಂಗ್ ತಪ್ಪೋ ತಿಳಿಯುವುದು ಸುಲಭ. ಆ ಆರ್ಡರ್ ತೆರೆದು ಅದರಲ್ಲಿ ಬಿದ್ದಿರುವ ಎಸ್‌ಕೆಯು ಕೋಡ್, ಅಂದರೆ ಸೀರೆಯ ಗುರುತಿನ ಸಂಖ್ಯೆ, ನೋಡಿ. ಮೈಸೂರಿನವರಿಗೆ ಹೋದ ಸೀರೆಯ ಚೀಟಿಯ ಮೇಲೆ ಯಾವ ಕೋಡ್ ಇದೆ ಅಂತ ಒಂದು ಫೋಟೋ ಕೇಳಿ. ಎರಡೂ ಬೇರೆ ಬೇರೆಯಾಗಿದ್ದರೆ ಹುಡುಗ ತಪ್ಪು ಸೀರೆ ಎತ್ತಿದ್ದಾನೆ. ಎರಡೂ ಒಂದೇ ಆಗಿದ್ದರೆ ಅವನು ಪರದೆ ಹೇಳಿದ್ದನ್ನೇ ಎತ್ತಿದ್ದಾನೆ, ತಪ್ಪು ಪರದೆಯದ್ದು. ನಿಮ್ಮ ಹಾಳೆ ನೋಡಿದ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ. ಅವನು ಹೇಳಿದ್ದು ನಿಜ. ಹಸಿರು ಸೀರೆಯ ಮೂರು ಸಾಲು ಹೀಗಿವೆ:

```
9 ಗಜ   ILK-GR-06   3900
6 ಗಜ   ILK-GR-08   2850
8 ಗಜ   ILK-GR-09   3500
```

ಎಡಗಡೆ ನೀವು ಬರೆದ ಕ್ರಮ 9, 6, 8. ಬೆಲೆಯೂ ಅದಕ್ಕೆ ಸರಿಯಾಗಿದೆ. ನಡುವಿನ ಕೋಡ್ ಮಾತ್ರ 06, 08, 09 ಅಂತ ಸಾಲಾಗಿ ನಿಂತಿದೆ. ಕೋಡ್‌ಗಳನ್ನು ಕ್ರಮವಾಗಿ ಜೋಡಿಸೋಣ ಅಂತ ನೀವು ಆ ಒಂದೇ ಕಾಲಮ್ ಆರಿಸಿ ಸಾರ್ಟ್ ಮಾಡಿದ್ದೀರಿ. ಎಕ್ಸೆಲ್ ಆಗ Sort Warning ಅಂತ ಒಂದು ಪೆಟ್ಟಿಗೆ ತೋರಿಸುತ್ತದೆ. ಅದರಲ್ಲಿ Expand the selection ಬಿಟ್ಟು Continue with the current selection ಒತ್ತಿದರೆ ಪಕ್ಕದ ಕಾಲಮ್‌ಗಳು ಇದ್ದಲ್ಲೇ ಇರುತ್ತವೆ, ಆರಿಸಿದ ಕಾಲಮ್ ಮಾತ್ರ ಅಲುಗಾಡುತ್ತದೆ. ಹಾಳೆ ನೋಡಲು ಮೊದಲಿಗಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ.

ಈಗ ಮೂರೂ ಸಾಲನ್ನು ಅಡ್ಡಡ್ಡ ಓದಿ. 9 ಗಜ ಕೇಳಿದವರಿಗೆ 6 ಗಜ ಹೋಗಿದೆ. 6 ಕೇಳಿದವರಿಗೆ 8 ಹೋಗಿದೆ. 8 ಕೇಳಿದವರಿಗೆ 9 ಹೋಗಿದೆ. ಅಂದರೆ ತಪ್ಪು ಮೂರು ಕಡೆ ಆಗಿದೆ, ದೂರು ಬಂದದ್ದು ಸೀರೆ ಗಿಡ್ಡವಾದವರಿಂದ ಮಾತ್ರ. ಉದ್ದ ಜಾಸ್ತಿಯಾದವರು ಇನ್ನೂ ಮಡಿಕೆ ಬಿಚ್ಚಿ ನೋಡಿರಲಿಕ್ಕಿಲ್ಲ, ಅಥವಾ ನೋಡಿಯೂ ಸುಮ್ನೆ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಮೂರೂ ಆಯ್ಕೆಗಳ ಸ್ಟಾಕ್ ಸೊನ್ನೆ ಮಾಡಿ. ಪುಟವನ್ನು ಅಳಿಸಬೇಡಿ. ಅಳಿಸಿದರೆ ಯಾವ ದಿನದಿಂದ ಯಾವ ಆರ್ಡರ್‌ಗೆ ಯಾವ ಕೋಡ್ ಹೋಗಿದೆ ಅಂತ ತೋರಿಸುವುದಕ್ಕೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ ಹಾಳೆ ಅಪ್‌ಲೋಡ್ ಮಾಡಿದ ದಿನದಿಂದ ಬಂದ ಹಸಿರು ಸೀರೆಯ ಆರ್ಡರ್‌ಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಇನ್ನೂ ಅಂಗಡಿಯಲ್ಲೇ ಇರುವ ಪೊಟ್ಟಣ ಇದ್ದರೆ ತಡೆಯಿರಿ.

ಆಮೇಲೆ ಕಪಾಟಿಗೆ ಹೋಗಿ ಹಸಿರು ಒಡಲಿನ 9 ಗಜದ ಸೀರೆ ನಿಜವಾಗಿ ಇದೆಯಾ ನೋಡಿ. ಚೀಟಿ ನೋಡಿ ನಂಬಬೇಡಿ, ಟೇಪು ಹಿಡಿದು ಅಳೆಯಿರಿ. 6 ಗಜ ಅಂದರೆ ಸುಮಾರು 5.5 ಮೀಟರ್. 8 ಗಜ ಸುಮಾರು 7.3, 9 ಗಜ ಸುಮಾರು 8.2 ಮೀಟರ್. ಕುಪ್ಪಸದ ಬಟ್ಟೆ ಸೇರಿಸಿ ನೇಯ್ದಿದ್ದರೆ ಅದನ್ನು ಬಿಟ್ಟು ಅಳೆಯಬೇಕು. ಇಲ್ಲವಾದರೆ 8 ಗಜದ್ದೇ 9ರ ಹತ್ತಿರ ಬಂದಂತೆ ಕಾಣುತ್ತದೆ. ಆ ಅವ್ವ ಹದಿನೆಂಟು ಮೊಳ ಅಂದದ್ದೂ 9 ಗಜವೇ, ಮೊಳ ಅಂದರೆ ಅರ್ಧ ಗಜ. ಕಚ್ಚೆ ಹಾಕಿ ಉಡುವವರಿಗೆ ಅಷ್ಟು ಉದ್ದ ಬೇಕೇ ಬೇಕು. 6 ಗಜದಲ್ಲಿ ಹೇಗೋ ಹೊಂದಿಸಿಕೊಳ್ಳಿ ಅನ್ನುವ ಮಾತು ಫೋನಿನಲ್ಲಾಗಲಿ ಪತ್ರದಲ್ಲಾಗಲಿ ಬರಕೂಡದು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ದೂರಿನ ಪತ್ರಗಳನ್ನು ನಾನು ನೋಡಿಕೊಳ್ಳುತ್ತಿದ್ದಾಗ ಇಂಥದ್ದೇ ಒಂದು ದೂರು ಬಂತು. ತಕ್ಷಣ ಒಳ್ಳೆಯ ಪತ್ರ ಬರೆದೆ, ಬದಲಿ ಕಳಿಸುತ್ತೇವೆ ಅಂದೆ. ಲಿಸ್ಟಿಂಗ್ ಸರಿ ಮಾಡಿರಲಿಲ್ಲ. ಬದಲಿ ಆರ್ಡರ್ ಕೂಡ ಅದೇ ಪುಟದಿಂದ ಹಾಕಿದೆವು. ಅದೇ ತಪ್ಪು ಕೋಡ್ ಬಿತ್ತು, ಅದೇ ತಪ್ಪು ಸೀರೆ ಎರಡನೇ ಸಲ ಹೋಯಿತು. ಆ ತಾಯಿ ಫೋನಿನಲ್ಲಿ ಸಿಟ್ಟು ಮಾಡಲಿಲ್ಲ. "ಇರಲಿ ಬಿಡಿ" ಅಂದರು ಅಷ್ಟೇ. ಅವರು ಮತ್ತೆ ನಮ್ಮ ಹತ್ತಿರ ಏನೂ ತಗೊಳ್ಳಲಿಲ್ಲ. ಆದ್ದರಿಂದ ಈ ಬದಲಿ ಸೀರೆಯನ್ನು ಸಿಸ್ಟಮ್ ಆರಿಸಬಾರದು, ನೀವೇ ಕೈಯಿಂದ ಎತ್ತಿ, ಅಳೆದು, ಪೊಟ್ಟಣ ಮಾಡಬೇಕು.

ಈಗ ನಿಮ್ಮ ಪತ್ರ. ನೀವು ಬರೆದದ್ದು ಇದು:

> ಮಾನ್ಯ ಗ್ರಾಹಕರೇ, ಅನಿವಾರ್ಯ ತಾಂತ್ರಿಕ ಕಾರಣಗಳಿಂದಾಗಿ ತಮಗೆ ಬೇರೆ ಅಳತೆಯ ಸೀರೆ ತಲುಪಿರುವುದಾಗಿ ತಿಳಿದುಬಂದಿದೆ. ಇದರಿಂದ ತಮಗೆ ಬೇಸರವಾಗಿದ್ದಲ್ಲಿ ವಿಷಾದಿಸುತ್ತೇವೆ. ತಾವು ದೊಡ್ಡ ಮನಸ್ಸು ಮಾಡಿ ಸಹಕರಿಸಬೇಕಾಗಿ ವಿನಂತಿ. ಸೀರೆಯನ್ನು ಹಿಂದಿರುಗಿಸಿದ ನಂತರ ಪರಿಶೀಲಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.

ಮನಸ್ಸಿಟ್ಟು ಬರೆದಿದ್ದೀರಿ, ಅದು ಗೊತ್ತಾಗುತ್ತದೆ. ಆದರೆ ಈ ಭಾಷೆ ಕಚೇರಿಯ ನೋಟಿಸಿನದು. ನೀವು ಎದುರಿಗೆ ಕೂತು ಮಾತಾಡುವಾಗ ಹೀಗೆ ಮಾತಾಡುವುದಿಲ್ಲ, ಅಲ್ವಾ? ಕ್ರಿಯಾಪದಗಳನ್ನು ಮಾತ್ರ ಹೆಕ್ಕಿ ನೋಡಿ. "ತಲುಪಿರುವುದಾಗಿ ತಿಳಿದುಬಂದಿದೆ", "ಕೈಗೊಳ್ಳಲಾಗುವುದು". ಯಾರು ಕಳಿಸಿದರು, ಯಾರು ಕೈಗೊಳ್ಳುತ್ತಾರೆ? ಯಾರೂ ಇಲ್ಲ. ನಮ್ಮ ಕನ್ನಡದಲ್ಲಿ ಈ ಅನುಕೂಲ ಬಹಳ ಇದೆ. "ತಪ್ಪಾಯಿತು" ಅಂದರೆ ತಪ್ಪು ತಾನಾಗಿಯೇ ಆದಂತೆ. ಬಾಯಿಮಾತಿನಲ್ಲಿ "ತಪ್ಪಾಯ್ತ್ರಿ" ಅಂದರೆ ದನಿಯಲ್ಲಿ, ಮುಖದಲ್ಲಿ ಉಳಿದದ್ದು ತಿಳಿಯುತ್ತದೆ. ಕಾಗದದ ಮೇಲೆ ದನಿ ಇಲ್ಲ. ಅಲ್ಲಿ "ನಾನು ತಪ್ಪು ಕೋಡ್ ಹಾಕಿದ್ದೆ" ಅಂತ ಕರ್ತೃ ಸಮೇತ ಬರೆಯಬೇಕು. "ತಪ್ಪು ಸೀರೆ ಬಂದಿದೆ" ಅಲ್ಲ, "ತಪ್ಪು ಸೀರೆ ಕಳಿಸಿದ್ದೇವೆ".

"ಬೇಸರವಾಗಿದ್ದಲ್ಲಿ" ಅನ್ನುವುದನ್ನು ತೆಗೆದುಬಿಡಿ. ಅವರಿಗೆ ಬೇಸರವಾಗಿದೆ, ಅದನ್ನು ಅವರೇ ಬರೆದಿದ್ದಾರೆ. "ಆಗಿದ್ದಲ್ಲಿ" ಅಂದರೆ ಅವರ ಮಾತನ್ನು ನೀವಿನ್ನೂ ನಂಬಿಲ್ಲ ಅಂತ ಅರ್ಥ ಬರುತ್ತದೆ. "ವಿಷಾದ" ಕೂಡ ಬೇಡ. ಮಳೆ ಬಂದು ರೈಲು ತಡವಾದರೆ ವಿಷಾದ ಹೇಳಬಹುದು. ನಾವೇ ಮಾಡಿದ ತಪ್ಪಿಗೆ ಕ್ಷಮೆ ಕೇಳಬೇಕು. "ದೊಡ್ಡ ಮನಸ್ಸು ಮಾಡಿ" ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಮಾತು, ನೀವು ಕೆಟ್ಟ ಮನಸ್ಸಿನಿಂದ ಬರೆದಿಲ್ಲ. ಆದರೂ ಇಲ್ಲಿ ಅದು ಭಾರವನ್ನು ಅವರ ತಲೆಗೆ ದಾಟಿಸುತ್ತದೆ. ಇನ್ನು ಅವರು ಸಿಟ್ಟಾದರೆ ಸಣ್ಣ ಮನಸ್ಸಿನವರು ಅಂದಂತಾಯಿತು.

ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ತಪ್ಪು ಲಿಸ್ಟಿಂಗ್‌ನಲ್ಲಿ ಆದಾಗ ತಗೊಂಡವರಿಗೆ ಮೊದಲು ಬರುವ ಅನುಮಾನ ತಮ್ಮ ಮೇಲೆಯೇ. "ನಾನೇ 6 ಒತ್ತಿದೆನಾ? ಕನ್ನಡಕ ಹಾಕಿಕೊಂಡಿರಲಿಲ್ಲವಾ?" ಮನೆಯಲ್ಲಿ ಉಳಿದವರೂ ಅದನ್ನೇ ಕೇಳುತ್ತಾರೆ, "ಸರಿಯಾಗಿ ನೋಡಿ ಆರ್ಡರ್ ಮಾಡಬೇಕಿತ್ತು" ಅಂತ. ಪ್ಯಾಕಿಂಗ್ ತಪ್ಪಾದಾಗ ಹೀಗಾಗುವುದಿಲ್ಲ. ಆಗ ಬಿಲ್ಲಿನಲ್ಲಿ ಒಂದು, ಪೊಟ್ಟಣದ ಚೀಟಿಯಲ್ಲಿ ಇನ್ನೊಂದು ಇರುತ್ತದೆ, ತಪ್ಪು ಎದ್ದು ಕಾಣುತ್ತದೆ. ಇಲ್ಲಿ ಆರ್ಡರಿನ ಕೋಡೂ ಚೀಟಿಯ ಕೋಡೂ ಹೊಂದುತ್ತವೆ. ಹಾಗಾಗಿ ನಿಮ್ಮ ಪತ್ರದ ಮೊದಲ ಎರಡು ಮೂರು ಸಾಲಿನಲ್ಲೇ "ನೀವು ಆರಿಸಿದ್ದು ಸರಿ ಇತ್ತು" ಅನ್ನುವ ಮಾತು ಬರಬೇಕು. ಈ ಪತ್ರಕ್ಕೂ ಬೇರೆ ಕ್ಷಮೆ ಪತ್ರಕ್ಕೂ ಇರುವ ವ್ಯತ್ಯಾಸ ಅದೇ ಒಂದು ವಾಕ್ಯ.

ಅದರ ಜೊತೆಗೆ ತಪ್ಪು ಹೇಗಾಯಿತು ಅಂತ ಒಂದೇ ವಾಕ್ಯದಲ್ಲಿ ಹೇಳಿ. ಎಕ್ಸೆಲ್, ಸಾರ್ಟ್, ಕಾಲಮ್ ಅಂತ ಕಥೆ ಬೇಡ. ಆ ಕಥೆ ನಿಮಗೆ ಮುಖ್ಯ, ಅವರಿಗಲ್ಲ. ಉದ್ದ ವಿವರಣೆ ಓದುವವರಿಗೆ ನೆಪದ ಹಾಗೆ ಕೇಳುತ್ತದೆ. ಹಾಗಂತ ಪೂರ್ತಿ ಬಿಟ್ಟರೆ "ಮತ್ತೆ ಹೀಗೇ ಆಗುವುದಿಲ್ಲ ಅಂತ ಹೇಗೆ ನಂಬಲಿ" ಅನ್ನುವ ಪ್ರಶ್ನೆ ಉಳಿಯುತ್ತದೆ. ಹುಡುಗನ ಹೆಸರು, ಸಿಬ್ಬಂದಿ, ವೆಬ್‌ಸೈಟ್ ಮಾಡಿಕೊಟ್ಟವರು, ಯಾರೂ ಪತ್ರದಲ್ಲಿ ಬರಬಾರದು. ಕೋಡ್ ಹಾಕಿದ್ದು ನೀವು, ನೀವೇ ಬನ್ನಿ.

ಇನ್ನು ಪರಿಹಾರ. "ಹಿಂದಿರುಗಿಸಿದ ನಂತರ ಪರಿಶೀಲಿಸಿ" ಅಂತ ಬರೆದಿದ್ದೀರಿ. ದಿನ ಲೆಕ್ಕ ಹಾಕಿ. ಇವತ್ತು 13, ಮದುವೆ 24. ಸೀರೆ ಮೈಸೂರಿನಿಂದ ಗದಗಕ್ಕೆ ಬಂದು, ನೀವು ನೋಡಿ, ಇನ್ನೊಂದು ಕಳಿಸುವಷ್ಟರಲ್ಲಿ ಮದುವೆಯೇ ಮುಗಿಯಬಹುದು. ಮೊದಲು ನಿಮ್ಮ ಸೀರೆ ಹೋಗಲಿ. ಅವರ ಕೈಯಲ್ಲಿರುವ 6 ಗಜದ ಸೀರೆ ಮದುವೆ ಮುಗಿದ ಮೇಲೆ ಬರಲಿ. ಮದುವೆ ಮನೆಯವರನ್ನು ಪೊಟ್ಟಣ ಕಟ್ಟಿ, ಕೊರಿಯರ್ ಹುಡುಗನಿಗೆ ಕಾಯಿರಿ ಅನ್ನಬೇಡಿ. ಚೀಟಿಯ ಒಂದು ಫೋಟೋ ಬಿಟ್ಟು ಬೇರೆ ಸಾಕ್ಷಿ, ಪೊಟ್ಟಣ ಬಿಚ್ಚಿದ ವಿಡಿಯೋ, ಏನನ್ನೂ ಕೇಳಬೇಡಿ. ಸಾಕ್ಷಿ ನಿಮ್ಮ ಹಾಳೆಯಲ್ಲೇ ಇದೆ.

ಇದು ನಿಮ್ಮ ದೊಡ್ಡತನವೂ ಅಲ್ಲ, ಅದನ್ನು ಪತ್ರದಲ್ಲಿ ಉಪಕಾರದ ಹಾಗೆ ಬರೆಯಬೇಡಿ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಪುಟದಲ್ಲಿ ಹೇಳಿದ ಗುಣಲಕ್ಷಣಕ್ಕೆ ಹೊಂದದ ಸರಕನ್ನು ವಾಪಸ್ ತಗೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗಿಲ್ಲ. "ರಿಯಾಯಿತಿ ಮಾಲಿಗೆ ಬದಲಿ ಇಲ್ಲ" ಅಂತ ಪುಟದ ಕೆಳಗೆ ಬರೆದುಕೊಂಡರೂ ಇಂಥ ತಪ್ಪಿಗೆ ಅದು ನಡೆಯುವುದಿಲ್ಲ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಅಂತಲೂ ಅದರಲ್ಲಿದೆ. ನಿಮಗೆ ಒಂದು ತಿಂಗಳಿಲ್ಲ, ಹನ್ನೊಂದು ದಿನ ಇದೆ.

ತಾರೀಖು ಕೊಡುವಾಗ ಎಚ್ಚರ. ಸ್ಪೀಡ್ ಪೋಸ್ಟಿನಲ್ಲಿ ನಾಳೆ ಕಳಿಸಿದರೆ 17-18ಕ್ಕೆ ತಲುಪಬಹುದು ಅಂತ ನಿಮಗೆ ಅನಿಸಿದರೆ ಪತ್ರದಲ್ಲಿ 20 ಅಂತ ಬರೆಯಿರಿ. ಮೊದಲೇ ತಲುಪಿದರೆ ಒಳ್ಳೆಯದು. 17 ಅಂತ ಬರೆದು 19ಕ್ಕೆ ತಲುಪಿದರೆ ಎರಡನೇ ಕ್ಷಮೆ ಪತ್ರ ಬರೆಯಬೇಕಾಗುತ್ತದೆ. 20ಕ್ಕೂ ತಲುಪದಿದ್ದರೆ ಏನು ಮಾಡುತ್ತೀರಿ ಅನ್ನುವುದನ್ನೂ ಈಗಲೇ ಬರೆಯಿರಿ, ಅವರಿಗೆ ಬೇರೆ ದಾರಿ ಹುಡುಕಲು ನಾಲ್ಕು ದಿನ ಇರುತ್ತದೆ. ಮೈಸೂರಿಗೆ ಹೊರಟ ಪರಿಚಯದವರು ಯಾರಾದರೂ ಸಿಕ್ಕರೆ ರೈಲಿನಲ್ಲಿ ಕೈಯಲ್ಲೇ ಕಳಿಸಬಹುದು, ನಮ್ಮ ಕಡೆ ಹಾಗೆ ಎಷ್ಟೋ ಸೀರೆ ಹೋಗಿವೆ. ಆದರೆ ಅದನ್ನು ಲೆಕ್ಕಕ್ಕೆ ಹಿಡಿದು ಮಾತು ಕೊಡಬೇಡಿ.

ಹಸಿರಿನಲ್ಲಿ 9 ಗಜ ಕಪಾಟಿನಲ್ಲಿ ಇಲ್ಲದಿದ್ದರೆ? ಆಗ "ನೇಯಿಸಿ ಕಳಿಸುತ್ತೇವೆ" ಅನ್ನಬೇಡಿ. ನಿಮಗೆ ಗೊತ್ತೇ ಇದೆ, ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಎಷ್ಟು ಉದ್ದ ಅನ್ನುವುದು ಹಾಸು ಹೂಡುವಾಗಲೇ ನಿಶ್ಚಯ. ಮಗ್ಗದ ಮೇಲೆ ಇರುವ 6 ಗಜದ್ದನ್ನು ನಡುವೆ 9 ಮಾಡಲು ಬರುವುದಿಲ್ಲ. ನೇಕಾರರನ್ನು ಕೇಳದೆ ತಾರೀಖು ಹೇಳಿದರೆ ಅವರ ಮೇಲೂ ಅನ್ಯಾಯ. ಅಂಥ ಹೊತ್ತಿನಲ್ಲಿ 9 ಗಜದಲ್ಲಿ ಇರುವ ಬೇರೆ ಬಣ್ಣಗಳ ಫೋಟೋ ಕಳಿಸಿ, ಅದು ಬೇಡವಾದರೆ ಇವತ್ತೇ ಪೂರ್ತಿ ದುಡ್ಡು ವಾಪಸ್ ಅನ್ನಿ. ಪೂರ್ತಿ ಅಂದರೆ ಕಳಿಸುವ ಖರ್ಚು ತಗೊಂಡಿದ್ದರೆ ಅದೂ ಸೇರಿ.

ಪತ್ರಕ್ಕಿಂತ ಮೊದಲು ಒಂದು ಫೋನ್ ಮಾಡಿ. ಎರಡು ನಿಮಿಷ ಸಾಕು. "ನಾನು ಸೀರೆ ಕಳಿಸಿದವಳು ಮಾತಾಡ್ತಿದೀನಿ, ತಪ್ಪು ನಂದು, 9 ಗಜದ್ದು ಅಳೆದು ಇಟ್ಟಿದೀನಿ, ನಾಳೆ ಕಳಿಸಲಾ ಅಥವಾ ದುಡ್ಡು ವಾಪಸ್ ಬೇಕಾ?" ಅಂತ ಕೇಳಿ. ಅವರು ಈಗಾಗಲೇ ಬೇರೆ ಕಡೆ ಸೀರೆ ತಗೊಂಡಿರಬಹುದು. ಕೇಳದೆ ಕಳಿಸಿದರೆ ಅವರಿಗೆ ಎರಡು ಸೀರೆ ವಾಪಸ್ ಮಾಡುವ ಕೆಲಸ ಬೀಳುತ್ತದೆ. ಫೋನಿನಲ್ಲಿ ಏನು ನಿಶ್ಚಯವಾಯಿತೋ ಅದನ್ನು ಪತ್ರದಲ್ಲಿ ಬರೆಯಿರಿ. ಅವರು ಸೀರೆಯೇ ಬೇಕು ಅಂದರು ಅಂತ ಇಟ್ಟುಕೊಂಡು ನಾನು ಹೀಗೆ ಬರೆಯುತ್ತೇನೆ:

> ನಮಸ್ಕಾರ ಮೇಡಂ,
>
> ನೀವು ಆರ್ಡರ್ ಮಾಡಿದ್ದು ಹಸಿರು ಒಡಲಿನ 9 ಗಜದ ಇಳಕಲ್ ಸೀರೆ. ನಾವು ನಿಮಗೆ ಕಳಿಸಿದ್ದು 6 ಗಜದ್ದು. ನೀವು ಆರಿಸಿದ್ದು ಸರಿಯಾಗಿಯೇ ಇತ್ತು. ನಮ್ಮ ಪುಟದಲ್ಲಿ 9 ಗಜ ಅನ್ನುವ ಆಯ್ಕೆಗೆ ನಾನು 6 ಗಜದ ಸೀರೆಯ ಕೋಡ್ ಹಾಕಿದ್ದೆ. ತಪ್ಪು ನನ್ನದು. ನಿಮ್ಮ ತಾಯಿಯವರು ಮೊಮ್ಮಗಳ ಮದುವೆಗೆ ಅಂತ ಆಸೆಯಿಂದ ಕಾದಿದ್ದ ಸೀರೆ ಇದು. ನನ್ನಿಂದ ಮದುವೆ ಮನೆಯಲ್ಲಿ ನಿಮಗೆ ಈ ಚಿಂತೆ ಬಂತು. ನಿಮ್ಮಲ್ಲೂ ನಿಮ್ಮ ತಾಯಿಯವರಲ್ಲೂ ಕ್ಷಮೆ ಕೇಳುತ್ತೇನೆ.
>
> ಇವತ್ತು ಫೋನಿನಲ್ಲಿ ಮಾತಾಡಿದ ಹಾಗೆ, ಅದೇ ಹಸಿರಿನ 9 ಗಜದ ಸೀರೆಯನ್ನು ನಾನೇ ಅಳೆದು ಇಟ್ಟಿದ್ದೇನೆ. ಕುಪ್ಪಸದ ಬಟ್ಟೆ ಬಿಟ್ಟು 8.2 ಮೀಟರ್ ಇದೆ. ಅಳೆದ ಫೋಟೋ ಜೊತೆಗಿದೆ. ನಾಳೆ 14ರಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ, ಟ್ರ್ಯಾಕಿಂಗ್ ನಂಬರ್ ನಾಳೆ ಸಂಜೆಯೊಳಗೆ ನಿಮಗೆ ಬರುತ್ತದೆ. ಸೀರೆ 20ರೊಳಗೆ ನಿಮ್ಮ ಮನೆಗೆ ತಲುಪಬೇಕು. ತಲುಪದಿದ್ದರೆ ಅವತ್ತೇ ನೀವು ಕೊಟ್ಟ 3,900 ರೂಪಾಯಿಯನ್ನು ಪೂರ್ತಿ ವಾಪಸ್ ಮಾಡುತ್ತೇನೆ. ಆಮೇಲೆ ಸೀರೆ ಬಂದರೆ ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು.
>
> ಈ ಬದಲಿಗೆ ನೀವು ಏನೂ ಕೊಡಬೇಕಾಗಿಲ್ಲ. ನಿಮ್ಮ ಹತ್ತಿರ ಇರುವ 6 ಗಜದ ಸೀರೆ ಮದುವೆ ಮುಗಿಯುವ ತನಕ ಅಲ್ಲೇ ಇರಲಿ. ಆಮೇಲೆ ನಿಮಗೆ ಬಿಡುವಾದ ದಿನ ಹೇಳಿ, ಮನೆಗೇ ಬಂದು ತಗೊಂಡು ಹೋಗುವ ವ್ಯವಸ್ಥೆ ನಾನು ಮಾಡುತ್ತೇನೆ. ಅದರ ಖರ್ಚು ನಮ್ಮದು.
>
> ಪುಟದಲ್ಲಿದ್ದ ತಪ್ಪನ್ನು ಇವತ್ತು ಸರಿ ಮಾಡಿದ್ದೇನೆ. ಏನೇ ಇದ್ದರೂ ಈ ನಂಬರಿಗೆ ಫೋನ್ ಮಾಡಿ, ನಾನೇ ಎತ್ತುತ್ತೇನೆ.

ಕೆಳಗೆ ನಿಮ್ಮ ಹೆಸರು, ಅಂಗಡಿಯ ಹೆಸರು, ಫೋನ್ ನಂಬರ್, ಆರ್ಡರ್ ನಂಬರ್ ಇರಲಿ. "ತಂಡ" ಅಂತ ಸಹಿ ಹಾಕಬೇಡಿ. 8.2 ಅಂತ ನಾನು ಬರೆದದ್ದು ಅಂದಾಜು, ನೀವು ಅಳೆದಾಗ ಎಷ್ಟು ಬರುತ್ತದೋ ಅದನ್ನೇ ಬರೆಯಿರಿ. ಎರಡು ಬೆರಳು ಕಡಿಮೆ ಬಂದರೆ ಅದನ್ನೂ ಹೇಳಿ. ಪುಟ ಸರಿ ಮಾಡಿದ್ದೇನೆ ಅನ್ನುವ ಸಾಲನ್ನು ನಿಜವಾಗಿ ಸರಿ ಮಾಡಿದ ಮೇಲೆಯೇ ಕಳಿಸಿ.

ಪತ್ರದಲ್ಲಿ ಕೂಪನ್ ಇಲ್ಲದ್ದನ್ನು ಗಮನಿಸಿರಬಹುದು. ಮುಂದಿನ ಖರೀದಿಗೆ ಶೇಕಡಾ ಹತ್ತು ಕಡಿತ ಅಂತ ಇಂಥ ಪತ್ರದ ಕೊನೆಗೆ ಸೇರಿಸುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಕ್ಷಮೆ ಕೇಳುವ ಕಾಗದದಲ್ಲೇ ಇನ್ನೊಂದು ಸೀರೆ ಮಾರಿದಂತಾಗುತ್ತದೆ. ಏನಾದರೂ ಕೊಡಲೇಬೇಕು ಅಂತ ಮನಸ್ಸಿದ್ದರೆ ಪೊಟ್ಟಣದಲ್ಲಿ ಒಂದು ಖಣದ ಕುಪ್ಪಸದ ಬಟ್ಟೆ ಇಡಿ, ಪತ್ರದಲ್ಲಿ ಅದರ ಮಾತು ಬೇಡ. ಮದುವೆ ಮನೆಗೆ ಕೊಟ್ಟ ಹಾಗೂ ಆಯಿತು. ಹಾಗೆಯೇ ಒಳ್ಳೆಯ ರಿವ್ಯೂ ಹಾಕಿ, ಹಾಕಿದ್ದನ್ನು ತೆಗೆಯಿರಿ ಅಂತ ಖಂಡಿತ ಕೇಳಬೇಡಿ.

ಬಿಲ್ಲಿನ ಬಗ್ಗೆ ಒಂದು ಮಾತು. ಮೊದಲ ಬಿಲ್ಲಿನಲ್ಲಿ 9 ಗಜ, 3,900 ಅಂತಲೇ ಇದೆ. ಈಗ ಅದೇ ಹೋಗುತ್ತಿರುವುದರಿಂದ ಅವರಿಂದ ತಗೊಳ್ಳಬೇಕಾದದ್ದು ಏನೂ ಇಲ್ಲ, ಹೊಸ ಬಿಲ್ ಮಾಡಿ ಗೊಂದಲ ಮಾಡಬೇಡಿ. ದುಡ್ಡು ವಾಪಸ್ ಮಾಡುವಂತಾದರೆ, ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ, ಕ್ರೆಡಿಟ್ ನೋಟ್ ಹಾಕಬೇಕು. ದುಡ್ಡು ಕಳಿಸಿದ ಮೇಲೆ ಯುಟಿಆರ್ ನಂಬರನ್ನೂ ಅವರಿಗೆ ಕೊಡಿ, ಬ್ಯಾಂಕಿನಲ್ಲಿ ಹುಡುಕಲು ಅದು ಬೇಕಾಗುತ್ತದೆ.

ಈಗ ಉದ್ದ ಜಾಸ್ತಿ ಹೋದವರ ವಿಷಯ. ಇದೇ ನಿಮಗೆ ಕಷ್ಟದ ಪತ್ರ. 6 ಗಜಕ್ಕೆ 2,850 ಕೊಟ್ಟವರ ಮನೆಗೆ 3,500ರ ಸೀರೆ ಹೋಗಿದೆ. 8 ಗಜಕ್ಕೆ 3,500 ಕೊಟ್ಟವರ ಮನೆಗೆ 3,900ರದ್ದು. ಅವರು ದೂರಿಲ್ಲ ಅಂತ ಸುಮ್ಮನಿದ್ದುಬಿಡೋಣ ಅನಿಸುತ್ತದೆ, ಇಲ್ಲವೇ ವ್ಯತ್ಯಾಸದ ದುಡ್ಡು ಕೇಳೋಣ ಅನಿಸುತ್ತದೆ. ಎರಡೂ ಬೇಡ. ಸುಮ್ಮನಿದ್ದರೆ, 6 ಗಜ ಉಡುವವರು ಹಬ್ಬದ ದಿನ ಸೀರೆ ಬಿಚ್ಚಿ, ನೆರಿಗೆ ಹಿಡಿಯಲು ಆಗದೆ ಕೂರುತ್ತಾರೆ. 6 ಗಜಕ್ಕೆ ಒಗ್ಗಿದ ಕೈಗೆ ಇನ್ನೂ ಎರಡು ಗಜ ಅಂದರೆ ಬಹಳ ಆಯಿತು. ವ್ಯತ್ಯಾಸ ಕೇಳುವುದಂತೂ ಆಗದ ಮಾತು. ಅವರು ನೀವು ತೋರಿಸಿದ ಬೆಲೆ ಕೊಟ್ಟಿದ್ದಾರೆ, ನೀವು ಕಳಿಸಿದ್ದನ್ನು ತಗೊಂಡಿದ್ದಾರೆ. ಅವರಿಗೆ ಚಿಕ್ಕದಾಗಿ ಬರೆಯಿರಿ:

> ನಮಸ್ಕಾರ ಮೇಡಂ. ನೀವು 6 ಗಜದ ಸೀರೆ ಕೇಳಿದ್ದಿರಿ. ನಮ್ಮ ಪುಟದಲ್ಲಿ ನಾನು ತಪ್ಪು ಕೋಡ್ ಹಾಕಿದ್ದರಿಂದ ನಿಮಗೆ 8 ಗಜದ್ದು ಕಳಿಸಿದ್ದೇವೆ. ಕ್ಷಮಿಸಿ. ನಿಮಗೆ 6 ಗಜವೇ ಬೇಕಿದ್ದರೆ ತಿಳಿಸಿ, ನಮ್ಮ ಖರ್ಚಿನಲ್ಲಿ ಬದಲಿಸಿ ಕೊಡುತ್ತೇನೆ. ಇದೇ ಇರಲಿ ಅನಿಸಿದರೆ ಇಟ್ಟುಕೊಳ್ಳಿ, ಜಾಸ್ತಿ ದುಡ್ಡು ಏನೂ ಕೊಡಬೇಕಾಗಿಲ್ಲ. ಫಾಲ್ ಹೊಲಿಸಿದ್ದರೂ ಬದಲಿಸಲು ತೊಂದರೆ ಇಲ್ಲ.

ಕೊನೆಯ ಸಾಲು ಮುಖ್ಯ. ಎಷ್ಟೋ ಜನ ಸೀರೆ ಬಂದ ದಿನವೇ ಫಾಲ್ ಹೊಲಿಯಲು ಕೊಟ್ಟುಬಿಡುತ್ತಾರೆ, ಆಮೇಲೆ ವಾಪಸ್ ಆಗುವುದಿಲ್ಲ ಅಂದುಕೊಂಡು ಬಾಯಿ ಬಿಡುವುದಿಲ್ಲ. ಫಾಲ್ ಬಿಚ್ಚಬಹುದು, ಅದು ನಿಮ್ಮ ನಷ್ಟ. ಇಟ್ಟುಕೊಂಡ ಪ್ರತಿ ಸೀರೆಗೆ 650 ಇಲ್ಲವೇ 400 ರೂಪಾಯಿ ನಿಮ್ಮ ಕೈಬಿಡುತ್ತದೆ. ಅದನ್ನು ನೇಕಾರರ ಕೂಲಿಯಲ್ಲಾಗಲಿ, ಆ ಹುಡುಗನ ಸಂಬಳದಲ್ಲಾಗಲಿ ಹಿಡಿಯಬೇಡಿ. ಅವನಿಗೂ ಇವತ್ತೇ ಒಂದು ಮಾತು ಹೇಳಿ, "ನೀನು ಸರಿಯಾಗೇ ಎತ್ತಿದ್ದೆ" ಅಂತ.

ಹಾಳೆ ಸರಿ ಮಾಡುವಾಗ ಕೋಡ್‌ಗಳನ್ನು ಮತ್ತೆ ಸಾರ್ಟ್ ಮಾಡಲು ಹೋಗಬೇಡಿ. ಮೂರು ಸೀರೆಗಳನ್ನು ಮುಂದೆ ಹರಡಿಕೊಂಡು, ಅಳೆದು, ಒಂದೊಂದರ ಚೀಟಿ ನೋಡಿ ಕೈಯಿಂದ ಟೈಪ್ ಮಾಡಿ. ಅದೇ ಹಾಳೆಯಲ್ಲಿ ಬೇರೆ ಬಣ್ಣಗಳ ಸೀರೆಯೂ ಇದ್ದರೆ ಅವುಗಳ ಸಾಲನ್ನೂ ನೋಡಬೇಕು, ಸಾರ್ಟ್ ಆಗಿದ್ದರೆ ಪೂರ್ತಿ ಕಾಲಮ್ ಆಗಿರುತ್ತದೆ. ಆಮೇಲೆ ಹಾಳೆಯನ್ನು ಮತ್ತೆ ಅಪ್‌ಲೋಡ್ ಮಾಡಿ, ಸ್ಟಾಕ್ ಒಂದೊಂದೇ ಇಟ್ಟು, ನೀವೇ ಒಂದೊಂದು ಉದ್ದಕ್ಕೆ ಒಂದೊಂದು ಆರ್ಡರ್ ಹಾಕಿ, ಹುಡುಗನಿಗೆ ಏನೂ ಹೇಳದೆ ಎತ್ತಿಕೊಡು ಅನ್ನಿ. ಅವನು ತಂದದ್ದನ್ನು ಟೇಪು ಹಿಡಿದು ನೋಡಿ. ಮೂರೂ ಸರಿ ಬಂದ ಮೇಲೆ ಆ ಆರ್ಡರ್‌ಗಳನ್ನು ರದ್ದು ಮಾಡಿ ಪೂರ್ತಿ ಸ್ಟಾಕ್ ತೆರೆಯಿರಿ.

ಇದಕ್ಕೆ ಇನ್ನೊಂದು ದಿನ ಬೇಕಾದರೆ ತಗೊಳ್ಳಿ. ಮೈಸೂರಿನ ಫೋನ್ ಮಾತ್ರ ಈಗಲೇ ಮಾಡಿ.